ಮರುದಿನ ಅದೇ ಬಾಗಿಲಿಗೆ

ಅಂಕೋಲೆಯ ಕೇರಿಗಳಲ್ಲಿ ಮೀನು ಮಾರುವ ಗೋದಾವರಿಗೆ ಒಂದು ಕಟ್ಟಳೆಯಿತ್ತು. ಇವತ್ತು ಮೀನು ಕೊಟ್ಟ ಮನೆಗೆ ನಾಳೆ ಹೋಗಬಾರದು. ಹೋದರೆ ಇವಳಿಗೆ ಗರಜು ಬಿದ್ದಿದೆ ಎಂದು ತಿಳಿದು ಅರ್ಧ ಬೆಲೆಗೆ ಕೇಳುತ್ತಾರೆ. ಎರಡು ದಿನ ಬಿಟ್ಟು ಹೋಗಿ ನೋಡಿ, ‘ಎಲ್ಲಿ ಸತ್ತಿದ್ಯೆ ಮಾರಾಯ್ತಿ’ ಎಂದು ಅವರೇ ಮೆಟ್ಟಿಲಿಳಿದು ಬರುತ್ತಾರೆ. ತನ್ನ ಅತ್ತೆ ಕಲಿಸಿದ ಈ ಬುದ್ಧಿಯಿಂದಲೇ ಅವಳು ಸಂಸಾರವನ್ನು ದಡ ಮುಟ್ಟಿಸಿದ್ದಳು. ಹಾಗಾಗಿ ಅದನ್ನು ಪ್ರಶ್ನಿಸುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಗಂಡ ಕುಪ್ಪ ತೀರಿಕೊಂಡ ಮೇಲಂತೂ ಅವಳು ಬುಟ್ಟಿ ಇಳಿಸಿದ್ದೇ ಇಲ್ಲ. ಈಗ ಮೊಣಕಾಲು ಮಾತು ಕೇಳುತ್ತಿರಲಿಲ್ಲ. ತಲೆಯ ಮೇಲೆ ಭಾರ ಹೊತ್ತು ನಡೆಯುವುದನ್ನು ಬಿಡು, ಇಲ್ಲದಿದ್ದರೆ ನಡೆಯುವುದೇ ನಿಂತೀತು ಎಂದಿದ್ದರು ಡಾಕ್ಟರು. ಬಿಟ್ಟರೆ ಒಲೆ ಉರಿಯುವುದು ಹೇಗೆ? ಅದಕ್ಕೇ ಸೊಸೆ ನೀತಾ ಅತ್ತೆಯ ಕೈರುಚಿಯ ಸಿಗಡಿ ಉಪ್ಪಿನಕಾಯಿಯನ್ನು ಬಾಟ್ಲಿಗೆ ತುಂಬಿ, ಓಡಾಡಿ ನೋಂದಣಿ ಮಾಡಿಸಿ, ಲೇಬಲ್ ಅಂಟಿಸಿದಳು. ಒಂದೇ ಒಂದು ಒಳ್ಳೆಯ ಅಂಗಡಿ ಹಿಡಿದರೂ ಅತ್ತೆಯ ತಲೆಯಿಂದ ಬುಟ್ಟಿ ಇಳಿಯುತ್ತಿತ್ತು.

ಕಾರವಾರದಲ್ಲಿ ಮಹಿಳಾ ಉದ್ಯಮಿಗಳ ಸಮಾವೇಶವಾದಾಗ ಇಬ್ಬರೂ ಬಾಟ್ಲಿ ಹಿಡಿದು ಹೋದರು. ಸದಾಶಿವಗಡದಲ್ಲಿ ಗೋವಾ ರಸ್ತೆಗೆ ಅಂಗಡಿಯಿಟ್ಟಿದ್ದ ವೈಜಯಂತಿ ಎಂಬಾಕೆ ಒಂದು ಚಮಚ ತಿಂದು, ಸುಮ್ಮನೆ ಕೈ ಚಾಚಿ ಇನ್ನೊಂದು ಕೇಳಿದರು. “ನನ್ನ ಅಂಗಡಿಗೆ ಇಂಥದ್ದೇ ಬೇಕಿತ್ತು. ಮೆಸೇಜು ಹಾಕಿ” ಎಂದು ಕಾರ್ಡು ಕೊಟ್ಟರು. ಅಷ್ಟರಲ್ಲಿ ಯಾರೋ ಕರೆದರು, ಹೊರಟುಹೋದರು.

ಮರುದಿನ ಬೆಳಿಗ್ಗೆಯೇ ನೀತಾ ಮೊಬೈಲಿನಲ್ಲಿ ಬರೆದು ಅತ್ತೆಗೆ ಓದಿ ಹೇಳಿದಳು. “ನಮಸ್ಕಾರ, ನಾನು ಅಂಕೋಲೆಯ ಗೋದಾವರಿ. ನಿನ್ನೆ ಸಮಾವೇಶದಲ್ಲಿ ಸಿಗಡಿ ಉಪ್ಪಿನಕಾಯಿ ರುಚಿ ತೋರಿಸಿದವಳು. ನಿಮ್ಮ ಅಂಗಡಿಯಲ್ಲಿ ಆರು ಬಾಟ್ಲಿ ಇಟ್ಟು ನೋಡಬಹುದೇ?”

“ಕಳಿಸೂದು ಬೇಡ” ಎಂದಳು ಗೋದಾವರಿ. “ಬೆಳಗಾಗೂದ್ರೊಳಗೆ ಬಾಗ್ಲು ತಟ್ಟಿದ್ರೆ ಇವ್ಳಿಗೆ ಗತಿ ಇಲ್ಲ ಅಂತ ತಿಳೀತಾರೆ. ಮತ್ತೆ ಆರು ಬಾಟ್ಲಿ ಕೇಳೂದೆಂತಕ್ಕೆ? ಒಳ್ಳೆ ಇಸವಣ ಮೀನು ಸಿಕ್ಕಿದ ದಿನ ಕಾಣಿಕೆಗೆ ಅಂತ ಹಿಡ್ಕಂಡು ಹೋಗಿ, ಎದುರಿಗೇ ಕೂತು ಎಲ್ಲಾ ಮಾತಾಡೂದು.”

“ಅವ್ರು ನಿನ್ನೆ ಎಷ್ಟು ಜನರನ್ನ ಕಂಡಾರೋ ಏನೋ ಅತ್ತೆ. ಇವತ್ತು ನಮ್ಮ ನೆನಪು ಅದೆ. ಮತ್ತೆ ಇರೂದಿಲ್ಲ.”

“ನಂಗೆ ವ್ಯಾಪಾರ ಕಲಿಸ್ಬೇಡ.”

ನೀತಾ ಬರೆದದ್ದನ್ನು ಅಳಿಸಿಬಿಟ್ಟಳು.

ಇಸವಣ ಎಂದರೆ ಕರೆದಾಗ ಬರುವ ಮೀನೇ? ದೊಡ್ಡದು ಸಿಕ್ಕುವಷ್ಟರಲ್ಲಿ ಎರಡು ವಾರದ ಮೇಲಾಯಿತು. ಗೋದಾವರಿ ಹಬ್ಬದ ಸೀರೆಯುಟ್ಟು, ಬಸ್ಸು ಬದಲಿಸಿ, ಕಾಳಿ ಸೇತುವೆ ದಾಟಿ ಅಂಗಡಿ ಮುಟ್ಟಿದಳು. ವೈಜಯಂತಿ ಗುರುತು ಸಿಗದೆ ಒಂದು ಗಳಿಗೆ ನೋಡಿದರು. ಆಮೇಲೆ ಗಲ್ಲಾ ಬಿಟ್ಟು ಎದ್ದು ಬಂದರು.

“ಅಯ್ಯೋ, ಸಿಗಡಿ ಉಪ್ಪಿನಕಾಯಿ ಅಕ್ಕಾ! ಎಲ್ಲಿದ್ರಿ? ನನ್ನ ನಂಬರ್ ನಿಮ್ಮ ಹತ್ರ ಇತ್ತು, ನಿಮ್ದು ನನ್ನ ಹತ್ರ ಇರ್ಲಿಲ್ಲ. ಹೆಸರೂ ಕೇಳ್ಲಿಲ್ಲ ನಾನು. ದಾರಿ ನೋಡ್ದೆ, ನೋಡ್ದೆ…”

ಗಲ್ಲಾದ ಪಕ್ಕದ ಹಲಗೆಯ ಮೇಲೆ ಬೇರೆ ಯಾರದೋ ಲೇಬಲ್ಲಿನ ಸಿಗಡಿ ಉಪ್ಪಿನಕಾಯಿ ಬಾಟ್ಲಿಗಳಿದ್ದವು. ವೈಜಯಂತಿಯೇ ಹೇಳಿದರು. ಅದೇ ಸಮಾವೇಶಕ್ಕೆ ಬಂದಿದ್ದ ಕಿನ್ನರ ಊರಿನ ಹೆಂಗಸೊಬ್ಬಳು ಮರುದಿನವೇ ಮೆಸೇಜು ಹಾಕಿದ್ದಳು. “ನಾಲ್ಕು ಬಾಟ್ಲಿ ಇಡ್ಲಾ ಅಂತ ಕೇಳಿದ್ಲು, ಅಷ್ಟೇ. ಹೂಂ ಅನ್ನೂಕೆ ನಂಗೆ ಎಂತಾ ಕಷ್ಟ? ಇಟ್ಟ ಕೂಡ್ಲೇ ಖರ್ಚಾಯ್ತು. ಈಗ ಬೇರೆಯವರ ಮೀನುಪ್ಪಿನಕಾಯಿ ಇಡೂದಿಲ್ಲ ಅಂತ ಅವ್ಳಿಗೆ ಮಾತು ಕೊಟ್ಟಾಯ್ತು.” ಆ ಹಲಗೆಯತ್ತ ನೋಡಿ, “ರುಚಿ ಮಾತ್ರ ನಿಮ್ದೇ ಮೇಲು ಅಕ್ಕಾ, ಸುಳ್ಳು ಹೇಳೂದಿಲ್ಲ” ಎಂದರು.

ಆ ಕೊನೆಯ ಮಾತನ್ನು ಅವರು ಆಡಬಾರದಿತ್ತು. ಅಲ್ಲಿಯವರೆಗೆ ತಡೆದುಕೊಂಡಿದ್ದ ಗೋದಾವರಿಯ ಕಣ್ಣು ತುಂಬಿಬಂತು. ಕೊಟ್ಟ ಮಾತು ಮುರಿಯಿರಿ ಎನ್ನುವವಳಲ್ಲ ಅವಳು. ಇಸವಣವನ್ನು ಅವರ ಕೈಗೆ ಕೊಟ್ಟು, ಎಷ್ಟು ಒತ್ತಾಯಿಸಿದರೂ ಚಹಾ ಕುಡಿಯದೆ ಬಸ್ಸು ಹತ್ತಿದಳು.

ಮನೆಯಲ್ಲಿ ನೀತಾ ಕಾಲು ತೊಳೆಯಲು ನೀರು ತಂದಿಟ್ಟಳು. ಅತ್ತೆಯ ಮುಖ ನೋಡಿಯೇ ತಿಳಿದುಕೊಂಡಿದ್ದಳು. ನಾನು ಹೇಳಲಿಲ್ಲವೇ ಎಂದು ಅವಳು ಒಂದು ಮಾತು ಎತ್ತಿ ಆಡಿದ್ದರೆ ಗೋದಾವರಿಗೆ ಜಗಳವಾಡಿ ಹಗುರಾಗಲಿಕ್ಕಾದರೂ ಆಗುತ್ತಿತ್ತು.

ಮರುದಿನ ಬೆಳಿಗ್ಗೆ ದಡದಿಂದ ಬಂದ ಬಂಗಡೆಯನ್ನು ಬುಟ್ಟಿಗೆ ತುಂಬಿದ್ದಾಯಿತು. ತುಂಬಿದ ಬುಟ್ಟಿಯನ್ನು ಒಬ್ಬಳೇ ತಲೆಗೇರಿಸಿಕೊಳ್ಳಲಾಗದು, ಇನ್ನೊಬ್ಬರ ಕೈ ಬೇಕು. ನೀತಾ ಎದುರಿಗೆ ಬಂದು ಬಗ್ಗಿದಾಗ ಗೋದಾವರಿ ಅವಳ ಮುಂಗೈ ಹಿಡಿದುಕೊಂಡಳು.

“ನನ್ನ ಮಾತು ಮೀರಿ ಕಳಿಸ್ಬೇಕಾಗಿತ್ತು ಮಗಾ ನೀನು. ಒಂದಿನ ಬೈತಿದ್ದೆ, ಅಷ್ಟೇ.”

ನೀತಾ ಬುಟ್ಟಿ ಎತ್ತಿ ಅತ್ತೆಯ ತಲೆಯ ಮೇಲಿಟ್ಟಳು.