ಹಬ್ಬವಿಲ್ಲದ ಮನೆಗೆ ಬಂದ ಶುಭಾಶಯ

ಗದಗಿನ ಅಂಬಿಕಾ ನರಸಿಂಹರಾಜಪುರದ ಕೃಷಿ ಕಚೇರಿಗೆ ಕೆಲಸಕ್ಕೆ ಬಂದಾಗ ಮಂಜಪ್ಪ, ಸರೋಜ ದಂಪತಿಯ ಮನೆಯ ಹಿಂದಿನ ಕೋಣೆಯಲ್ಲಿ ಊಟ ಸಹಿತ ಬಾಡಿಗೆಗಿದ್ದಳು. ಮೂರು ಹೊತ್ತೂ ಅನ್ನ ತಿಂದು ಅವಳು ಸೊರಗಿದ್ದನ್ನು ಕಂಡು ಮಂಜಪ್ಪ ಶಿವಮೊಗ್ಗದಿಂದ ಜೋಳದ ಹಿಟ್ಟು ತಂದಿದ್ದರು. ಅವರ ತಾಯಿ ಯಲ್ಲಕ್ಕಜ್ಜಿ ಹಬ್ಬದ ಬೆಳಿಗ್ಗೆ ಅವಳ ತಲೆಗೆ ಎಣ್ಣೆ ತಿಕ್ಕುತ್ತಿದ್ದಳು. ಎರಡು ವರ್ಷದ ಮೇಲೆ ಅಂಬಿಕಾಗೆ ಶೃಂಗೇರಿಗೆ ವರ್ಗವಾಯಿತು.

ಈ ದೀಪಾವಳಿಗೆ ಮೊಬೈಲಿನಲ್ಲಿ ದೀಪದ ಚಿತ್ರ ಕಳಿಸಲು ಅವಳಿಗೆ ಮನಸ್ಸಾಗಲಿಲ್ಲ. ಆ ಮನೆಯವರಿಗೆ ಕಾಗದ ಬರೆಯಲು ಕೂತಳು. ‘ಹಾರ್ದಿಕ ಶುಭಾಶಯಗಳನ್ನು ಕೋರುತ್ತೇನೆ’ ಎಂದು ಬರೆದದ್ದು ಕಚೇರಿಯ ಸುತ್ತೋಲೆಯಂತಿತ್ತು; ಹರಿದಳು. ಮತ್ತೆ ಮನೆಯ ಹಿರಿಯರಿಂದ ಶುರುಮಾಡಿದಳು: ‘ಅಜ್ಜಿಗೆ ನಮಸ್ಕಾರ. ಈ ಸಲ ಎಣ್ಣೆ ತಿಕ್ಕಲು ನನ್ನ ತಲೆ ಇಲ್ಲವೆಂದು ಬೇಜಾರು ಬೇಡ. ಅಪ್ಪಾಜಿ, ಅಮ್ಮ, ನಿಮ್ಮ ಮನೆ ತುಂಬ ಬೆಳಕಿರಲಿ. ಸೌಂದರ್ಯಾ, ನನ್ನ ಪಾಲಿನ ಕಡುಬು ನೀನೇ ತಿನ್ನು.’ ಕೊನೆಗೆ ‘ನಿಮ್ಮ ಮಗಳು’ ಎಂದು ಸಹಿ ಹಾಕಿ, ಹಬ್ಬಕ್ಕೆ ವಾರ ಮೊದಲೇ ಅಂಚೆಗೆ ಹಾಕಿದಳು.

ನಾಲ್ಕು ದಿನವಾದರೂ ಒಂದು ಮಾತಿಲ್ಲ. ತಡೆಯಲಾರದೆ ಫೋನ್ ಮಾಡಿದಳು. ಎತ್ತಿದ್ದು ಮಂಜಪ್ಪನವರ ಮಗಳು ಸೌಂದರ್ಯಾ.

“ಕಾಗದ ಬಂತು ಅಕ್ಕಾ. ಅಜ್ಜಿ ತೀರ್ಕೊಂಡು ಒಂದೂವರೆ ತಿಂಗಳಾಯ್ತು. ಈ ವರ್ಷ ನಮಗೆ ಹಬ್ಬ ಇಲ್ಲ.”

ಅಂಬಿಕಾಗೆ ತಾನು ಬರೆದದ್ದೆಲ್ಲ ನೆನಪಾಯಿತು. ಸತ್ತವಳಿಗೆ ನಮಸ್ಕಾರ, ಸೂತಕದ ವರ್ಷದ ಮನೆಗೆ ಬೆಳಕಿನ ಹಾರೈಕೆ! ಪ್ರತಿ ಸಾಲೂ ಚುಚ್ಚುವಂತೆ ಬರೆದಿದ್ದಳಲ್ಲ. ಅಷ್ಟರಲ್ಲಿ ಸರೋಜಮ್ಮ ಫೋನ್ ತಗೊಂಡರು.

“ಹೊಸ ಜಾಗ, ರಜೆ ಸಿಗುತ್ತೋ ಇಲ್ವೋ. ನಿಂಗ್ಯಾಕೆ ತೊಂದ್ರೆ ಅಂತ ಹೇಳ್ಲಿಲ್ಲ ಮಾರಾಯ್ತಿ.”

“ಸ್ವಂತ ಮಗಳಾಗಿದ್ರ ಹೇಳ್ತಿದ್ರಿಲ್ಲೋ? ನೆಂಟರಿಗೆಲ್ಲಾ ಫೋನ್ ಮಾಡೀರಿ. ನಾ ಬಾಡಿಗೆಯವಳು, ನನಗ್ಯಾಕ ಅಲ್ಲೇನ್ರಿ?”



“ತಪ್ಪಾಯ್ತು. ನಿಮ್ಮಪ್ಪಾಜಿ ಆ ಕಾಗದ ಓದಿ ಅತ್ರು. ಏನಂತ ಫೋನ್ ಮಾಡೋದು ಅಂತ್ಲೇ ತಿಳೀಲಿಲ್ಲ.”

ಅಂಬಿಕಾ ಫೋನಿಟ್ಟಳು. ಹೋಗಬಾರದೆಂದು ಎರಡು ದಿನ ಹಟ ಹಿಡಿದಳು. ಆದರೆ ಹಬ್ಬವಿಲ್ಲದ ಮನೆಯಲ್ಲಿ ಬಾಣಲೆ ಇಡುವುದಿಲ್ಲ, ಸಿಹಿ ಮಾಡುವುದಿಲ್ಲ, ನೆಂಟರಿಷ್ಟರೇ ಒಯ್ದು ಕೊಡಬೇಕು ಎಂಬುದು ಅವಳೂರಿನಲ್ಲೂ ಇದ್ದ ಪದ್ಧತಿ. ಹಬ್ಬದ ದಿನ ನಸುಕಿನಲ್ಲೇ ಎದ್ದು, ಗೊಣಗುತ್ತಲೇ ಶೇಂಗಾ ಹೋಳಿಗೆ ಬೇಯಿಸಿ, ಕೊಪ್ಪದಲ್ಲಿ ಬಸ್ಸು ಬದಲಿಸಿ ನರಸಿಂಹರಾಜಪುರಕ್ಕೆ ಬಂದಿಳಿದಳು.

ರಂಗೋಲಿ ಇಲ್ಲದ ಬಾಗಿಲಲ್ಲಿ ಮಂಜಪ್ಪ ನಿಂತಿದ್ದರು. ಅವಳು ಡಬ್ಬಿಯನ್ನು ಅವರ ಕೈಗಿತ್ತು, ನೇರ ಒಳಗೆ ಹೋಗಿ ಅಜ್ಜಿಯ ಫೋಟೋಗೆ ಕೈಮುಗಿದಳು.

ಊಟಕ್ಕೆ ಎಲೆ ಹಾಕುತ್ತ ಸರೋಜಮ್ಮ ಕೇಳಿದರು, “ಸಿಟ್ಟು ಇಳೀತಾ?”

“ಇಲ್ಲ.”

“ಆಯ್ತು. ನಾಳೆವರೆಗೂ ಇಲ್ಲೇ ಇದ್ದು ಸಿಟ್ಟು ಮಾಡ್ಕೊ” ಎಂದು ಅವರು ಅವಳ ಎಲೆಗೆ ಅನ್ನ ಬಡಿಸಿದರು.