ಅಂಗಾಲನ್ನು ನೋಡದ ವೈದ್ಯರು

ಅಕ್ಕ ಕೆಲಸ ಮಾಡುತ್ತಿದ್ದ ಬೊಮ್ಮನಹಳ್ಳಿಯ ಸಿದ್ಧ ಉಡುಪು ಕಾರ್ಖಾನೆಗೆ ಬುಧವಾರ ಬುಧವಾರ ಒಬ್ಬ ವೈದ್ಯರು ಬರುತ್ತಿದ್ದರು. ಬಿಳಿ ಪ್ಯಾಂಟಿನ ಗೆರೆ ಮುರಿಯದಂತೆ ಕೂರುವುದರಲ್ಲಿ ಅವರು ಪರಿಣತರು. ಉಳಿದ ವಿದ್ಯೆಯ ಬಗ್ಗೆ ನನಗೆ ಸಿಕ್ಕ ಪುರಾವೆ ಇಷ್ಟು.

ಎಂಬತ್ತರ ದಶಕದ ಕೊನೆ. ನಾನು ಪತ್ರಿಕೆಯೊಂದರಲ್ಲಿ ಉಪಸಂಪಾದಕ. ತಿಲಕ್ ನಗರದ ಸ್ಟಾಪಿನಲ್ಲಿ ಬಸ್ಸಿನಿಂದ ಇಳಿಯುವಾಗ ಅಕ್ಕನ ಬಲಗಾಲು ಉಳುಕಿತು. ಎಕ್ಸ್‌ರೇಯಲ್ಲಿ ಮೂಳೆ ಮುರಿದಿರಲಿಲ್ಲ. ಮೂರು ವಾರಕ್ಕೆ ಊತ ಮುಕ್ಕಾಲು ಪಾಲು ಇಳಿಯಿತು, ಅವಳು ಕೆಲಸಕ್ಕೆ ಹೋದಳು. ಆಮೇಲೆ ಶುರುವಾಯಿತು ಅಂಗಾಲಿನ ಉರಿ.

"ಕೆಂಡದ ಮೇಲೆ ಇಟ್ಟಂಗೆ ಉರಿಯುತ್ತೆ ಕಣೋ. ಆದ್ರೆ ಚಪ್ಪಲಿ ಜಾರಿ ಹೋದ್ರೂ ಗೊತ್ತಾಗಲ್ಲ," ಎಂದಳು.

ಅವಳ ಹೊಲಿಗೆ ಯಂತ್ರ ಓಡುತ್ತಿದ್ದುದು ಬಲಗಾಲಿನ ಪೆಡಲ್ಲಿನಿಂದ. ಎಷ್ಟು ಒತ್ತುತ್ತಿದ್ದೇನೆಂಬುದು ಅವಳಿಗೆ ತಿಳಿಯದೆ ಹೊಲಿಗೆ ಗುರುತು ದಾಟಿ ಓಡುತ್ತಿತ್ತು. ಒಂದೇ ವಾರದಲ್ಲಿ ಹನ್ನೊಂದು ಕಾಲರ್ ಹಾಳಾದವು. ಸೂಪರ್‌ವೈಸರ್ ಅವಳನ್ನು ವೈದ್ಯರ ಬಳಿ ಕಳಿಸಿದ. ಕಾಯಿಲೆ ಇದೆ ಎಂದು ಅವರು ಬರೆದರೆ ಪೆಡಲ್ ಇಲ್ಲದ ಬೇರೆ ಕೆಲಸ. ಇಲ್ಲ ಎಂದು ಬರೆದರೆ ತಿಂಗಳ ಕೊನೆಗೆ ಮನೆ.

ಅಂದು ನಾನೂ ಜೊತೆಗಿದ್ದೆ. ಅಕ್ಕ ಕುರ್ಚಿಯಲ್ಲಿ ಕುಳಿತು ಪಾದವನ್ನು ನೆಲಕ್ಕೆ ಊರಿದ್ದಳು. ವೈದ್ಯರು ಬಗ್ಗಲಿಲ್ಲ. ಪಿನ್ನಿನಿಂದ ಪಾದದ ಮೇಲ್ಭಾಗವನ್ನು ಎರಡು ಕಡೆ ಚುಚ್ಚಿದರು.

"ಗೊತ್ತಾಗುತ್ತಾ?"

"ಗೊತ್ತಾಗುತ್ತೆ ಸಾರ್. ಆದ್ರೆ ಉರಿ ಇರೋದು ಕೆಳಗಡೆ..."

"ಸ್ಪರ್ಶ ನಾರ್ಮಲ್ ಇದೆಯಮ್ಮ. ಊತ ಇಲ್ಲ, ಎಕ್ಸ್‌ರೇ ಕ್ಲೀನ್. ಈ ಹೆಂಗಸರಿಗೆ ರಜ ಬೇಕಾದಾಗಲೆಲ್ಲ ಉರಿ ಬರುತ್ತೆ." ಕೊನೆಯ ಮಾತು ನನಗೆ, ಗಂಡಸೆಂಬ ಸಲುಗೆಯಲ್ಲಿ.

ಅಂಗಾಲನ್ನು ಎತ್ತಿ ತೋರಿಸಲು ಅಕ್ಕನಿಗೆ ನಾಚಿಕೆ. ದೊಡ್ಡವರ ಕಡೆ ಪಾದ ಚಾಚಬಾರದೆಂದು ಬೆಳೆದವಳು. ಎತ್ತೆಂದು ಹೇಳಲು ವೈದ್ಯರಿಗೆ ಅಸಹ್ಯ. ಇವೆರಡರ ನಡುವೆ ಕಾಯಿಲೆ ನೆಲಕ್ಕೆ ಅಂಟಿಕೊಂಡು ಉಳಿಯಿತು. ದಿನವಿಡೀ ಬೇರೆಯವರ ತಪ್ಪು ತಿದ್ದುವ ಕೆಲಸದವನಾದ ನಾನೂ ಸುಮ್ಮನೆ ನಿಂತಿದ್ದೆ. ಅದನ್ನೂ ದಾಖಲಿಸಬೇಕು.

ಮರುದಿನ ಜಯನಗರದ ಕಡೆಯ ಸರ್ಕಾರಿ ಆಸ್ಪತ್ರೆಗೆ ಹೋದೆವು. ಅಲ್ಲಿನ ಮೂಳೆ ವೈದ್ಯರು ಕಾಲರ್ ಸವೆದ ಅಂಗಿಯವರು. ಸ್ಟೂಲ್ ಎಳೆದುಕೊಂಡು ಅಕ್ಕನ ಪಾದವನ್ನೆತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು.

"ಅಯ್ಯೋ, ಬೇಡ ಸಾರ್!" ಅಕ್ಕ ಕಾಲೆಳೆದುಕೊಂಡಳು.

"ಕಾಲು ನೋಡೋಕೇ ಸಂಬಳ ಕೊಡ್ತಾರಮ್ಮ ನಂಗೆ. ಕೊಡಿ ಇಲ್ಲಿ."

ಎರಡೂ ಅಂಗಾಲುಗಳನ್ನು ಹತ್ತಿಯಿಂದ ಸವರಿ, ಪಿನ್ನಿನಿಂದ ಮುಟ್ಟಿ ಹೋಲಿಸಿದರು. ಬಲಗಾಲಿನ ಬೆರಳುಗಳ ಕೆಳಗೂ ಅಂಗಾಲಿನ ಮುಂಭಾಗದಲ್ಲೂ ಸ್ಪರ್ಶ ಮಂದ. ಹಿಮ್ಮಡಿಯಲ್ಲಿ ಮತ್ತು ಪಾದದ ಮೇಲೆ ಸರಿಯಾಗಿತ್ತು. ಸೊಂಟನೋವು ಇದೆಯೇ, ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿದರು. ಎರಡೂ ಇರಲಿಲ್ಲ. ಆಮೇಲೆ ಪಾದದ ಕೀಲಿನ ಒಳಬದಿಯ ಮೂಳೆಗಂಟಿನ ಹಿಂದೆ ಬೆರಳ ತುದಿಯಿಂದ ಮೆಲ್ಲಗೆ ತಟ್ಟಿದರು.

ಅಕ್ಕ ಚೀರಿದಳು. "ಕರೆಂಟ್ ಹೊಡೀತು ಸಾರ್! ಬೆರಳ ತುದಿವರೆಗೂ!"

ಎಡಗಾಲಿನಲ್ಲಿ ಅದೇ ಜಾಗ ತಟ್ಟಿದಾಗ ಏನೂ ಆಗಲಿಲ್ಲ. ಬಲಪಾದವನ್ನು ಮೇಲಕ್ಕೆ ಬಾಗಿಸಿ, ಹೊರಕ್ಕೆ ತಿರುಗಿಸಿ, ಬೆರಳುಗಳನ್ನೂ ಮೇಲೆಳೆದು ಕೆಲವು ಕ್ಷಣ ಹಿಡಿದರು. ಉರಿ ಏರಿತು.

"ಈ ಗಂಟಿನ ಹಿಂದೆ ಒಂದು ಇಕ್ಕಟ್ಟಾದ ದಾರಿ ಇದೆ," ಎಂದರು. "ಮೇಲೊಂದು ಗಟ್ಟಿ ಪಟ್ಟಿ. ಅಂಗಾಲಿಗೆ ಹೋಗೋ ನರ ಅದರಡಿ ಹಾದುಹೋಗುತ್ತೆ. ಒಳಗೆ ಊತ ಉಳಿದ್ರೆ ನರ ಅದುಮಿಕೊಳ್ಳುತ್ತೆ. ಎಕ್ಸ್‌ರೇಯಲ್ಲಿ ನರ ಕಾಣಲ್ಲ. ಪಾದದ ಮೇಲ್ಗಡೆಗೆ ಹೋಗೋ ನರಗಳೇ ಬೇರೆ. ಅಲ್ಲಿ ಚುಚ್ಚಿದ್ರೆ ಗೊತ್ತಾಗದೆ ಇನ್ನೇನು?"

ನರದ ವಿದ್ಯುತ್ ಪರೀಕ್ಷೆಗೆ ಚೀಟಿ ಬರೆದರು. ಅದರಲ್ಲೂ ಕೀಲಿನ ಬಳಿ ಸಂದೇಶ ನಿಧಾನವಾಗುತ್ತಿರುವುದು ಕಂಡಿತು. ಪೆಡಲ್ ಕೆಲಸ ಬೇಡ, ಬ್ಯಾಂಡೇಜ್ ಹಾಕಿ ವಿಶ್ರಾಂತಿ ಕೊಡಿ, ಬಗ್ಗದಿದ್ದರೆ ಇಂಜೆಕ್ಷನ್, ಅದಕ್ಕೂ ಬಗ್ಗದಿದ್ದರೆ ನರದ ಮೇಲಿನ ಆ ಗಟ್ಟಿ ಪಟ್ಟಿಯನ್ನು ಬಿಡಿಸುವ ಶಸ್ತ್ರಚಿಕಿತ್ಸೆ ಎಂದರು.

ಮುಂದಿನ ಬುಧವಾರ, ಅವರು ಇದನ್ನೆಲ್ಲ ಬರೆದುಕೊಟ್ಟ ಪತ್ರವನ್ನು ಕಾರ್ಖಾನೆಯ ವೈದ್ಯರ ಮೇಜಿನ ಮೇಲಿಟ್ಟೆವು. ಅವರು ಎರಡು ಸಲ ಓದಿದರು. ತಮ್ಮ ಹಾಳೆ ತೆಗೆದು, ನನ್ನ ಕಣ್ಣೆದುರೇ ಪತ್ರವನ್ನು ಸಾಲು ಸಾಲಾಗಿ ನಕಲು ಮಾಡಿ, 'ನನ್ನ ಪರೀಕ್ಷೆಯಲ್ಲಿ ಕಂಡುಬಂದಂತೆ' ಎಂದು ಮೇಲೆ ಸೇರಿಸಿದರು.

"ನರದ ತೊಂದರೆ. ನಂಗೆ ಅವತ್ತೇ ಅನುಮಾನ ಇತ್ತು," ಎಂದರು. ಕೆಳಗೆ ಸಹಿ ಬಿತ್ತು. ಅಕ್ಕನಿಗೆ ಕೈಯಿಂದ ಗುಂಡಿ ಹೊಲಿಯುವ ಮೇಜು ಖಾತ್ರಿಯಾಯಿತು.

ಹಾಳೆಯನ್ನು ಮಡಿಸಿ ಬ್ಯಾಗಿಗೆ ಸೇರಿಸಿಕೊಂಡ ಮೇಲೆ ಅಕ್ಕ ನಿಧಾನವಾಗಿ ಚಪ್ಪಲಿ ಕಳಚಿದಳು. ಪಾದವನ್ನು ಅವರ ಬಿಳಿ ಪ್ಯಾಂಟಿನ ಕಡೆಗೆ ಎತ್ತಿ ಹಿಡಿದಳು.

"ಪರೀಕ್ಷೆ ಮಾಡಿದೀನಿ ಅಂತ ಬರ್ಕೊಂಡಿದೀರಲ್ಲ ಸಾರ್, ಈಗಾದ್ರೂ ಒಂದ್ಸಲ ನೋಡಿ."

ಅವರು ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. "ಬೇಡಮ್ಮ, ಬೇಡ. ಚಪ್ಪಲಿ ಹಾಕ್ಕೊಳ್ಳಿ."