ಪ್ರಮಿಳಕ್ಕ ಹಿಡಿದ ಕೈ

ಬೆಳಗಾವಿಯ ನಮ್ಮ ಐಸಿಯುನಲ್ಲಿ ಹಿರಿಯ ನರ್ಸ್ ಪ್ರಮಿಳಕ್ಕ ಸೂಜಿ ಹಿಡಿಯುವ ಮೊದಲು ರೋಗಿಯ ಕೈ ಹಿಡಿಯುತ್ತಾಳೆ. ನಾನು ಅವಳ ಕೈಕೆಳಗೆ ಕಲಿತವಳು. ಕೇಳದವರಿಗೂ ಅದನ್ನು ಹೇಳುತ್ತೇನೆ.

ಖಾನಾಪುರದ ಸಿದರಾಯನಿಗೆ ಸೋಂಕು ಮೈಯೆಲ್ಲ ಹರಡಿ ಬಿಪಿ ಕುಸಿದಿತ್ತು. ಬಿಪಿ ಏರಿಸುವ ಔಷಧಿಯ ಜೊತೆಗೆ ಇನ್ಸುಲಿನ್ ಕೂಡ ಹೋಗುತ್ತಿತ್ತು. ಸಕ್ಕರೆಯನ್ನು ನೂರಾ ನಲವತ್ತರಿಂದ ನೂರಾ ಎಂಬತ್ತರೊಳಗೆ ಇಡಬೇಕಿತ್ತು. ನಾನು ಬೆರಳು ಚುಚ್ಚಿ ನೋಡಿದೆ, ನೂರಾ ಐವತ್ತೆರಡು.

“ಬರೋಬರಿ ಐತ್ರಿ ಅಕ್ಕಾ.”

ಅವಳು ಅವನ ಬೆರಳು ಮುಟ್ಟಿದಳು. “ಥಣ್ಣಗಾಗೇತಿ. ನಂಬಬ್ಯಾಡ.”

ನನಗೆ ಸಿಟ್ಟು ಬಂತು. “ಮಷೀನ್ ಹೊಸಾದೈತ್ರಿ!”

“ಹೊಸಾದಿದ್ರ ಇರಲಿ. ಬೆರಳಿಗೆ ರಕ್ತನ ಸರಿಯಾಗಿ ಬರದಿದ್ರ ಮಷೀನ್ ಏನ್ ಮಾಡತೈತಿ?”

ಅವನ ಮುಂಗೈಯ ಅಪಧಮನಿಯಲ್ಲಿ ಬಿಪಿ ನೋಡಲು ಹಾಕಿದ್ದ ನಳಿಕೆಯಿತ್ತು. ಅದರಿಂದ ರಕ್ತ ತೆಗೆದು ಪರೀಕ್ಷಿಸಿದೆ. ಅರವತ್ತೆರಡು! ಇನ್ಸುಲಿನ್ ಅವನ ಸಕ್ಕರೆಯನ್ನು ಇನ್ನೂ ಇಳಿಸುತ್ತಲೇ ಇತ್ತು. ಡಾಕ್ಟರು ಕೂಡಲೇ ಅದನ್ನು ನಿಲ್ಲಿಸಿ ಗ್ಲೂಕೋಸ್ ಕೊಡಿಸಿದರು. ಬಿಪಿ ಸುಧಾರಿಸುವವರೆಗೆ ಅವನ ಬೆರಳನ್ನು ಯಾರೂ ಚುಚ್ಚಲಿಲ್ಲ.

ಸಿದರಾಯ ವಾರ್ಡಿಗೆ ಹೊರಟ ದಿನ ಪ್ರಮಿಳಕ್ಕನ ಕೈ ಹಿಡಿದು, “ಹೋಗಿ ಬರ್ತೇನ್ರಿ,” ಎಂದ. ಅವಳು ಅವನ ಕೈಯನ್ನು ಬಿಡದೆ ನನ್ನ ಕೈಯಲ್ಲಿಟ್ಟಳು.

“ಈಗ ನಂಬು.”

ಕೈ ಬೆಚ್ಚಗಿತ್ತು.